ಪರ್ಸೆಂಟ್ ಜಾಸ್ತಿ, ದುಡ್ಡು ಕಡಿಮೆ: ಇಬ್ಬರ ಇನ್‌ಕ್ರಿಮೆಂಟ್ ಹೋಲಿಸುವುದು ಹೇಗೆ?

ಪ್ರತಿ ವರ್ಷ ಏಪ್ರಿಲ್, ಮೇ ಬಂತೆಂದರೆ ನನಗೆ ಒಂದೇ ಪ್ರಶ್ನೆ ಹತ್ತಾರು ರೂಪದಲ್ಲಿ ಬರುತ್ತದೆ. "ನನಗೆ ಹದಿನೈದು ಪರ್ಸೆಂಟ್ ಹೈಕ್ ಆಯ್ತು, ನನ್ನ ಫ್ರೆಂಡ್‌ಗೆ ಬರೀ ಎಂಟು. ಆದರೂ ಅವಳಿಗೇ ಜಾಸ್ತಿ ದುಡ್ಡು ಬಂದಿದೆ. ನಮ್ಮ ಕಂಪನಿಯವರು ನನಗೆ ಮೋಸ ಮಾಡಿದ್ರಾ?" ಸಂಬಳದ ಲೆಕ್ಕ ಬರೆಯುವುದೇ ನನ್ನ ಕೆಲಸ. ಹಾಗಾಗಿ ಕೇಳುವವರ ಸ್ಲಿಪ್ ನೋಡಿ ಉತ್ತರ ಹೇಳುತ್ತೇನೆ. ಹೆಚ್ಚಿನ ಸಲ ಮೋಸ ಏನೂ ಇರುವುದಿಲ್ಲ. ಕೆಲವು ಸಲ ಇರುತ್ತದೆ. ಎರಡನ್ನೂ ನೀವೇ ಪತ್ತೆ ಹಚ್ಚುವುದು ಹೇಗೆ ಅಂತ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಲೆಕ್ಕಕ್ಕೆ ಇಬ್ಬರು ಗೆಳತಿಯರನ್ನು ಇಟ್ಟುಕೊಳ್ಳೋಣ. ಹೆಸರು ಸುಮಾ, ರೇಖಾ ಅಂತಿರಲಿ. ಇಬ್ಬರೂ ಬೆಂಗಳೂರಿನಲ್ಲಿ ಬೇರೆ ಬೇರೆ ಖಾಸಗಿ ಕಂಪನಿಗಳಲ್ಲಿದ್ದಾರೆ. 2025ರ ಮಾರ್ಚ್‌ನಲ್ಲಿ ಸುಮಾಳ ತಿಂಗಳ ಸಂಬಳ 20,000 ರೂಪಾಯಿ, ರೇಖಾಳದು 45,000. ಏಪ್ರಿಲ್‌ನಿಂದ ಸುಮಾಗೆ ಶೇಕಡಾ 15 ಏರಿತು, ರೇಖಾಗೆ ಶೇಕಡಾ 8. ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುವಾಗ ಸುಮಾ ಖುಷಿಯಿಂದ "ಹದಿನೈದು ಕಣೇ" ಅಂದಳು. ರೇಖಾ "ನಂದು ಎಂಟೇ" ಅಂತ ಮುಖ ಸಣ್ಣ ಮಾಡಿದಳು. ಆಮೇಲೆ ಇಬ್ಬರೂ ಮೊಬೈಲ್ ತೆಗೆದು ಸ್ಲಿಪ್ ಪಕ್ಕಪಕ್ಕ ಇಟ್ಟರು. ಸುಮಾಗೆ ಏರಿದ್ದು 3,000. ರೇಖಾಗೆ 3,600. ಈಗ ಮುಖ ಸಣ್ಣ ಮಾಡುವ ಸರದಿ ಸುಮಾಳದು.

ಮೊದಲು ಕೈಯಲ್ಲಿ ಏನಿರಬೇಕು

ಇಬ್ಬರದೂ ಮೂರು ಮೂರು ಕಾಗದ ಬೇಕು: ಏರಿಕೆಗೆ ಮುಂಚಿನ ತಿಂಗಳ ಪೇಸ್ಲಿಪ್, ಏರಿಕೆ ಆದಮೇಲಿನ ಪೇಸ್ಲಿಪ್, ಮತ್ತು ಇನ್‌ಕ್ರಿಮೆಂಟ್ ಲೆಟರ್. ಬ್ಯಾಂಕಿನ ಮೆಸೇಜ್ ಸಾಲದು. ಅದರಲ್ಲಿ ಎಲ್ಲ ಕಡಿತ ಆಗಿ ಉಳಿದ ಮೊತ್ತ ಮಾತ್ರ ಇರುತ್ತದೆ. ಯಾವುದು ಏರಿತು, ಯಾವುದು ಕಡಿತ ಆಯ್ತು ಅನ್ನುವುದು ಗೊತ್ತಾಗುವುದಿಲ್ಲ.

ಹಂತ 1: ಸರಿಯಾದ ತಿಂಗಳ ಸ್ಲಿಪ್ ಆರಿಸಿ

ಇದು ಸಣ್ಣ ವಿಷಯ ಅನ್ನಿಸುತ್ತದೆ. ಆದರೆ ಅತಿ ಹೆಚ್ಚು ಜನ ಎಡವುವುದು ಇಲ್ಲೇ.

ಎಷ್ಟೋ ಕಂಪನಿಗಳಲ್ಲಿ ಏರಿಕೆ ಏಪ್ರಿಲ್‌ನಿಂದ ಜಾರಿ, ಲೆಟರ್ ಕೊಡುವುದು ಮಾತ್ರ ಜೂನ್‌ನಲ್ಲಿ. ಆಗ ಏಪ್ರಿಲ್, ಮೇ ತಿಂಗಳ ಏರಿಕೆಯ ಬಾಕಿಯೂ ಜೂನ್ ಸಂಬಳದ ಜೊತೆ ಬರುತ್ತದೆ. ಇದನ್ನೇ ಸ್ಲಿಪ್‌ನಲ್ಲಿ ಅರಿಯರ್ಸ್ ಅಂತ ಹಾಕಿರುತ್ತಾರೆ. ಸುಮಾಗೆ ಹಾಗಾಗಿದ್ದರೆ ಜೂನ್‌ನಲ್ಲಿ 3,000 ಅಲ್ಲ, 9,000 ಜಾಸ್ತಿ ಕಾಣುತ್ತಿತ್ತು. ಜುಲೈನಲ್ಲಿ 6,000 ಇಳಿದಾಗ "ಸಂಬಳ ಕಟ್ ಮಾಡಿದ್ದಾರೆ" ಅಂತ ಗಾಬರಿ. ಅರಿಯರ್ಸ್ ಇರುವ ತಿಂಗಳನ್ನು ಬಿಟ್ಟು ಅದರ ಮುಂದಿನ ತಿಂಗಳ ಸ್ಲಿಪ್ ತೆಗೆದುಕೊಳ್ಳಿ.

ಹಾಗೆಯೇ ರಜೆ ಮುಗಿದು ಸಂಬಳ ಕಡಿತ ಆದ ತಿಂಗಳು, ಓವರ್‌ಟೈಮ್ ಬಂದ ತಿಂಗಳು, ಬೋನಸ್ ಬಂದ ತಿಂಗಳು ಬೇಡ. ಎರಡೂ ಸ್ಲಿಪ್‌ನಲ್ಲಿ ಪೂರ್ತಿ ತಿಂಗಳ ಹಾಜರಿ ಇರಲಿ.

ಹಂತ 2: ಪರ್ಸೆಂಟ್ ಸರಿ, ಯಾವುದರ ಮೇಲೆ?

ಶೇಕಡಾ 15 ಅನ್ನುವುದು ತಾನೇ ದುಡ್ಡಲ್ಲ. ನೂರಕ್ಕೆ ಹದಿನೈದು ಅಷ್ಟೆ. ಎಷ್ಟು ನೂರು ಇವೆ ಅನ್ನುವುದರ ಮೇಲೆ ದುಡ್ಡು ನಿಂತಿದೆ. ಸುಮಾಳ ಸಂಬಳದಲ್ಲಿ ಇನ್ನೂರು ನೂರುಗಳಿವೆ, ರೇಖಾಳದರಲ್ಲಿ ನಾನೂರೈವತ್ತು. ಸುಮಾಗೆ ಪ್ರತಿ ನೂರಕ್ಕೆ 15 ರೂಪಾಯಿ, ರೇಖಾಗೆ ಪ್ರತಿ ನೂರಕ್ಕೆ 8. ಆದರೆ ರೇಖಾಳ ನೂರುಗಳೇ ಎರಡೂಕಾಲು ಪಟ್ಟು ಇವೆಯಲ್ಲ!

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ವಿಷಯ ಇದೆ. ಒಬ್ಬಳದೇ ಸಂಬಳಕ್ಕೆ ಮೂರು ಬೇರೆ ಬೇರೆ ಅಂಕಿಗಳಿರುತ್ತವೆ. ಬೇಸಿಕ್ ಅಂದರೆ ಮೂಲ ವೇತನ, ಸುಮಾಗೆ ಅದು 10,000. ಗ್ರಾಸ್ ಅಂದರೆ ಮೂಲ ವೇತನಕ್ಕೆ ಮನೆ ಬಾಡಿಗೆ ಭತ್ಯೆ ಮತ್ತು ಇತರ ಭತ್ಯೆ ಸೇರಿಸಿ ಕಡಿತಕ್ಕೆ ಮುಂಚೆ ಬರುವ ಮೊತ್ತ, ಅದು 20,000. ಸಿಟಿಸಿ ಅಂದರೆ ನಿಮ್ಮ ಮೇಲೆ ಕಂಪನಿಗೆ ಬೀಳುವ ಒಟ್ಟು ಖರ್ಚು. ಕಂಪನಿ ತನ್ನ ಪಾಲಿನಿಂದ ಕಟ್ಟುವ ಪಿಎಫ್, ಗ್ರಾಚ್ಯುಟಿಗೆ ಎತ್ತಿಡುವ ದುಡ್ಡು, ಇನ್ಶೂರೆನ್ಸ್, ಕೆಲಸ ನೋಡಿ ವರ್ಷದ ಕೊನೆಗೆ ಕೊಡುವ ಮೊತ್ತ ಎಲ್ಲ ಅದರಲ್ಲಿ ಸೇರಿರುತ್ತವೆ. ಹಾಗಾಗಿ ಸಿಟಿಸಿಯನ್ನು ಹನ್ನೆರಡರಿಂದ ಭಾಗಿಸಿದರೆ ಬರುವುದು ತಿಂಗಳ ಸಂಬಳ ಅಲ್ಲ.

ಸುಮಾಳ ಲೆಟರ್‌ನಲ್ಲಿ "ಗ್ರಾಸ್ ಮೇಲೆ ಶೇಕಡಾ 15" ಅಂತ ಇತ್ತು, ಬಚಾವ್. "ಬೇಸಿಕ್ ಮೇಲೆ ಶೇಕಡಾ 15" ಅಂತಿದ್ದು ಭತ್ಯೆಗಳನ್ನು ಮುಟ್ಟದೆ ಇದ್ದಿದ್ದರೆ ಏರುತ್ತಿದ್ದುದು ಬರೀ 1,500. ಒಟ್ಟು ಸಂಬಳಕ್ಕೆ ಹೋಲಿಸಿದರೆ ಅದು ಶೇಕಡಾ ಏಳೂವರೆ. ಬಾಯಲ್ಲಿ ಹೇಳಿದ್ದು ಒಂದು, ಲೆಟರ್‌ನಲ್ಲಿ ಇನ್ನೊಂದು ಅನ್ನುವ ಜಗಳಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟುತ್ತವೆ. ಮೋಸ ಇದ್ದರೆ ಅದೂ ಇಲ್ಲೇ ಇರುತ್ತದೆ.

ಹಾಗಾಗಿ ಹೋಲಿಸುವ ಮುಂಚೆ ಇಬ್ಬರದೂ ಒಂದೇ ಅಂಕಿಗೆ ತನ್ನಿ. ನಾನು ಯಾವಾಗಲೂ ತಿಂಗಳ ಗ್ರಾಸ್ ಹಿಡಿಯುತ್ತೇನೆ. ಎಲ್ಲರ ಸ್ಲಿಪ್‌ನಲ್ಲೂ ಅದು ಇರುತ್ತದೆ, ಅದರೊಳಗೆ ಊಹೆಯ ದುಡ್ಡು ಇರುವುದಿಲ್ಲ.

ಹಂತ 3: ಪರ್ಸೆಂಟನ್ನು ರೂಪಾಯಿ ಮಾಡಿ

ಹಳೆಯ ಗ್ರಾಸ್ ಅನ್ನು ಪರ್ಸೆಂಟ್‌ನಿಂದ ಗುಣಿಸಿ ನೂರರಿಂದ ಭಾಗಿಸಿ. ಎಕ್ಸೆಲ್‌ನಲ್ಲಿ ಮಾಡುವುದಾದರೆ B2ರಲ್ಲಿ ಹಳೆಯ ಗ್ರಾಸ್, C2ರಲ್ಲಿ ಬರೀ ಪರ್ಸೆಂಟ್ ಅಂಕಿ (15 ಅಂತ) ಹಾಕಿ, ಇನ್ನೊಂದು ಕೋಶದಲ್ಲಿ ಹೀಗೆ ಬರೆಯಿರಿ:

```
=B2*C2/100
```

ಬಾಯಿಲೆಕ್ಕವೂ ಸುಲಭ. 20,000ದ ಕೊನೆಯ ಸೊನ್ನೆ ತೆಗೆದರೆ 2,000, ಅದು ಶೇಕಡಾ 10. ಅದರರ್ಧ 1,000, ಅದು ಶೇಕಡಾ 5. ಕೂಡಿಸಿದರೆ 3,000. ರೇಖಾಳದು 45,000ದ ಎರಡು ಸೊನ್ನೆ ತೆಗೆದರೆ 450, ಅದು ಶೇಕಡಾ 1. ಎಂಟರಿಂದ ಗುಣಿಸಿದರೆ 3,600.

ಇನ್ನೊಂದು ಎಡವಟ್ಟು: ಹೊಸ ಸಂಬಳದ ಮೇಲೆ ಲೆಕ್ಕ ಹಾಕುವುದು. 23,000ದ ಶೇಕಡಾ 15 ಅಂದರೆ 3,450 ಬರುತ್ತದೆ. "ನನಗೆ 450 ಕಡಿಮೆ ಕೊಟ್ಟಿದ್ದಾರೆ" ಅಂತ ಅಕೌಂಟ್ಸ್‌ಗೆ ಬಂದವರನ್ನು ನಾನೇ ನೋಡಿದ್ದೇನೆ. ಏರಿಕೆ ಯಾವಾಗಲೂ ಹಳೆಯ ಸಂಬಳದ ಮೇಲೆ.

ಹಂತ 4: ಕೈಗೆ ಬಂದಿದ್ದೆಷ್ಟು?

ಗ್ರಾಸ್ ಏರಿದ್ದಷ್ಟೂ ಬ್ಯಾಂಕಿಗೆ ಬರುವುದಿಲ್ಲ. ಕಡಿತಗಳೂ ಏರುತ್ತವೆ, ಕೆಲವು ಹೊಸದಾಗಿ ಶುರುವಾಗುತ್ತವೆ, ಕೆಲವು ನಿಂತೇ ಹೋಗುತ್ತವೆ. ಇಬ್ಬರ ಸ್ಲಿಪ್ ನೋಡೋಣ. ಇಲ್ಲಿ ಹಾಕಿರುವುದು 2025ರ ಏಪ್ರಿಲ್‌ನ ನಿಯಮಗಳು.

ಮೊದಲು ಪಿಎಫ್. ಬೇಸಿಕ್‌ನ ಶೇಕಡಾ 12 ನಿಮ್ಮಿಂದ ಕಡಿತ ಆಗುತ್ತದೆ, ಕಂಪನಿಯೂ ಅಷ್ಟೇ ಹಾಕುತ್ತದೆ. ಸುಮಾಳ ಬೇಸಿಕ್ 10,000ದಿಂದ 11,500 ಆಯಿತು. ಹಾಗಾಗಿ ಪಿಎಫ್ 1,200ರಿಂದ 1,380ಕ್ಕೆ ಹೋಯಿತು. ಏರಿಕೆಯಲ್ಲಿ 180 ಅಲ್ಲಿಗೆ ಹೋಯಿತು. ರೇಖಾಳ ಕಂಪನಿ ಪಿಎಫ್ ಅನ್ನು ಕಾನೂನಿನ ಮಿತಿಯಾದ 15,000 ರೂಪಾಯಿ ವೇತನಕ್ಕೇ ನಿಲ್ಲಿಸಿದೆ. ಅದರ ಶೇಕಡಾ 12 ಅಂದರೆ 1,800. ಸಂಬಳ ಎಷ್ಟೇ ಏರಿದರೂ ಅವಳಿಗೆ ಕಡಿತ ಆಗುವುದು ಅದೇ 1,800.

ಇನ್ನು ಇಎಸ್‌ಐ, ಅಂದರೆ ನೌಕರರಿಗಿರುವ ಸರ್ಕಾರಿ ಆರೋಗ್ಯ ವಿಮೆ. ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಇರುವವರಿಗೆ ಇದು ಅನ್ವಯ. ನೌಕರರ ಪಾಲು ಶೇಕಡಾ 0.75. ಮಾರ್ಚ್‌ನಲ್ಲಿ ಸುಮಾಗೆ 150 ರೂಪಾಯಿ ಕಡಿತ ಆಗಿತ್ತು. ಏಪ್ರಿಲ್‌ನಲ್ಲಿ 23,000 ಆದ ಕಾರಣ ಇಎಸ್‌ಐನಿಂದ ಹೊರಗೆ ಬಂದಳು, ಕಡಿತ ನಿಂತಿತು.

ಕರ್ನಾಟಕದ ವೃತ್ತಿ ತೆರಿಗೆ 25,000 ಮತ್ತು ಮೇಲಿನ ಸಂಬಳಕ್ಕೆ. ತಿಂಗಳಿಗೆ 200, ಫೆಬ್ರುವರಿಯಲ್ಲಿ ಮಾತ್ರ 300. ರೇಖಾ ಮೊದಲಿಂದಲೂ ಕಟ್ಟುತ್ತಿದ್ದಾಳೆ. ಸುಮಾಗೆ ಇನ್ನೂ ಬಂದಿಲ್ಲ. ಆದಾಯ ತೆರಿಗೆ ಇಬ್ಬರಿಗೂ ಇಲ್ಲ. ಹೊಸ ಪದ್ಧತಿಯಲ್ಲಿ 2025-26ಕ್ಕೆ ಸಂಬಳದಾರರಿಗೆ ವರ್ಷಕ್ಕೆ 12.75 ಲಕ್ಷದವರೆಗೆ ತೆರಿಗೆ ಬೀಳುವುದಿಲ್ಲ.

ಈಗ ಕೂಡಿ ಕಳೆಯಿರಿ.

| | ಸುಮಾ, ಮಾರ್ಚ್ | ಸುಮಾ, ಏಪ್ರಿಲ್ | ರೇಖಾ, ಮಾರ್ಚ್ | ರೇಖಾ, ಏಪ್ರಿಲ್ |
|---|---|---|---|---|
| ಗ್ರಾಸ್ | 20,000 | 23,000 | 45,000 | 48,600 |
| ಪಿಎಫ್ | 1,200 | 1,380 | 1,800 | 1,800 |
| ಇಎಸ್‌ಐ | 150 | 0 | 0 | 0 |
| ವೃತ್ತಿ ತೆರಿಗೆ | 0 | 0 | 200 | 200 |
| ಕೈಗೆ | 18,650 | 21,620 | 43,000 | 46,600 |

ಸುಮಾಳ ಕೈಗೆ ಜಾಸ್ತಿ ಬಂದಿದ್ದು 2,970. ರೇಖಾಗೆ ಪೂರ್ತಿ 3,600. ಗ್ರಾಸ್‌ನಲ್ಲಿ 600 ಇದ್ದ ವ್ಯತ್ಯಾಸ ಕೈಗೆ ಬರುವಾಗ 630 ಆಯಿತು.

ಆದರೆ ಪಿಎಫ್‌ಗೆ ಹೋದ 180 ಕಳೆದುಹೋದ ದುಡ್ಡಲ್ಲ. ಅದು ಸುಮಾಳ ಖಾತೆಯಲ್ಲೇ ಇದೆ, ಕಂಪನಿಯ ಪಾಲೂ ಅಷ್ಟೇ ಏರಿದೆ (ಕಂಪನಿ ಪಾಲಿನಲ್ಲಿ ಒಂದು ಭಾಗ ಪಿಂಚಣಿಗೆ ಹೋಗುತ್ತದೆ). ಗ್ರಾಸ್ ಏರಿದ 3,000ಕ್ಕೆ ಕಂಪನಿಯ ಈ 180 ಸೇರಿಸಿದರೆ ಅವಳಿಗೆ ಆದ ಲಾಭ 3,180 ಅನ್ನಬಹುದು. ಆದರೂ ರೇಖಾಳ 3,600 ಮುಟ್ಟಲಿಲ್ಲ.

ಇಎಸ್‌ಐ ನಿಂತಿದ್ದನ್ನು ಮಾತ್ರ 150 ರೂಪಾಯಿ ಉಳಿತಾಯ ಅಂತ ಸುಮ್ನೆ ಖುಷಿಪಡಬೇಡಿ. ಆ 150 ರೂಪಾಯಿಗೆ ಸುಮಾಳ ಜೊತೆ ಅವಳನ್ನು ಅವಲಂಬಿಸಿದ ಅಪ್ಪ ಅಮ್ಮನಿಗೂ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಂಥ ಕಡೆ ಚಿಕಿತ್ಸೆ ಸಿಗುತ್ತಿತ್ತು. ಹಳೆಯ ಕಡಿತದ ಲೆಕ್ಕದಲ್ಲಿ ಇನ್ನು ಕೆಲವು ತಿಂಗಳು ಸೌಲಭ್ಯ ಇರುತ್ತದೆ, ಆಮೇಲೆ ಇಲ್ಲ. ಅದಕ್ಕೆ ಬದಲಾಗಿ ಕಂಪನಿ ಗ್ರೂಪ್ ಇನ್ಶೂರೆನ್ಸ್ ಕೊಡುತ್ತದೆಯೇ, ಅದರಲ್ಲಿ ಅಪ್ಪ ಅಮ್ಮ ಸೇರುತ್ತಾರೆಯೇ ಅಂತ ಕೇಳಬೇಕು. ಕೊಡದಿದ್ದರೆ ಹೊರಗೆ ಪಾಲಿಸಿ ಮಾಡಿಸುವ ಖರ್ಚನ್ನು ಈ 2,970ರಿಂದ ಕಳೆಯಿರಿ.

ನಮ್ಮ ಅಕೌಂಟ್ಸ್ ಕಡೆಯ ಒಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸುಮಾಳ ಇಎಸ್‌ಐಗೆ ಕಂಪನಿ ತನ್ನ ಪಾಲು ಶೇಕಡಾ 3.25, ಅಂದರೆ 650 ರೂಪಾಯಿ ಕಟ್ಟುತ್ತಿತ್ತು. ಅದೂ ನಿಂತಿತು. 3,000 ಏರಿಸಿ, ಪಿಎಫ್‌ಗೆ 180 ಜಾಸ್ತಿ ಹಾಕಿ, 650 ಉಳಿಸಿಕೊಂಡರೆ ಕಂಪನಿಗೆ ಬಿದ್ದ ಹೊಸ ಹೊರೆ ಸುಮಾರು 2,530 ಅಷ್ಟೆ. ಗ್ರೂಪ್ ಇನ್ಶೂರೆನ್ಸ್ ಕೇಳುವಾಗ ಈ 650 ನಿಮ್ಮ ನೆನಪಿನಲ್ಲಿರಲಿ.

ಏರಿಕೆ ಏಪ್ರಿಲ್‌ಗೆ ಬದಲು ಜೂನ್‌ನಿಂದ ಜಾರಿ ಆಗಿದ್ದರೆ ಲೆಕ್ಕ ಬೇರೆ. ಇಎಸ್‌ಐ ಕಡಿತದ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿಯ ನಡುವೆ 21,000 ದಾಟಿದರೆ ಆ ಅವಧಿ ಮುಗಿಯುವವರೆಗೆ ಹೊಸ ಸಂಬಳದ ಮೇಲೂ ಕಡಿತ ಆಗುತ್ತಲೇ ಇರುತ್ತದೆ. "ನಾನು 21,000 ದಾಟಿದೆ, ಆದರೂ ಯಾಕೆ ಕಟ್ ಮಾಡ್ತಿದ್ದಾರೆ?" ಅಂತ ಕೇಳುವವರಿಗೆ ಉತ್ತರ ಇದು.

ಹಂತ 5: ಸಮ ಆಗಲು ಎಷ್ಟು ಪರ್ಸೆಂಟ್ ಬೇಕಿತ್ತು?

ರೇಖಾಗೆ ಬಂದ 3,600 ತನಗೂ ಬರಬೇಕಿದ್ದರೆ ಸುಮಾಗೆ ಎಷ್ಟು ಪರ್ಸೆಂಟ್ ಆಗಬೇಕಿತ್ತು? 3,600 ಅನ್ನು 20,000ದಿಂದ ಭಾಗಿಸಿ ನೂರರಿಂದ ಗುಣಿಸಿ: ಶೇಕಡಾ 18.

ಇನ್ನೊಂದು ದಾರಿ: ರೇಖಾಳ ಸಂಬಳ ಸುಮಾಳದಕ್ಕಿಂತ 2.25 ಪಟ್ಟು. ಹಾಗಾಗಿ ಸುಮಾಳ ಪರ್ಸೆಂಟೂ ರೇಖಾಳ ಎಂಟರ 2.25 ಪಟ್ಟು ಇರಬೇಕು. ಎಂಟು ಎರಡೂಕಾಲ್ಲಿ ಹದಿನೆಂಟು. ಗೆಳೆಯರ ಸಂಬಳ ನಿಮ್ಮದಕ್ಕಿಂತ ಎಷ್ಟು ಪಟ್ಟು ಅಂತ ಗೊತ್ತಿದ್ದರೆ ಕ್ಯಾಲ್ಕುಲೇಟರ್ ಇಲ್ಲದೆ ಅಲ್ಲೇ ನಿಂತು ಹೇಳಬಹುದು. ನಿಮ್ಮ ಪರ್ಸೆಂಟ್ ಅಷ್ಟು ಪಟ್ಟು ಇಲ್ಲ ಅಂದರೆ ದುಡ್ಡು ಅವರಿಗೇ ಜಾಸ್ತಿ.

ಹದಿನೈದಕ್ಕೂ ಹದಿನೆಂಟಕ್ಕೂ ನಡುವೆ ಇರುವುದು ಬರೀ ಮೂರು. ಸುಮಾಗೆ ಆದದ್ದು ಮೋಸ ಅಲ್ಲ, ಹಳೆಯ ಸಂಬಳ ಚಿಕ್ಕದಿದ್ದದ್ದರ ಪರಿಣಾಮ.

ಹಂತ 6: ಮುಂದಿನ ವರ್ಷಗಳನ್ನೂ ನೋಡಿ

ಇಷ್ಟು ಹೇಳಿದ ಮೇಲೆ "ಹಾಗಾದ್ರೆ ಪರ್ಸೆಂಟ್‌ಗೆ ಬೆಲೆನೇ ಇಲ್ವಾ?" ಅನ್ನುತ್ತಾರೆ. ಇದೆ. ಅದು ಕಾಣುವುದಕ್ಕೆ ವರ್ಷಗಳು ಬೇಕು.

ಸುಮಾಗೆ ಪ್ರತಿ ವರ್ಷ 15, ರೇಖಾಗೆ ಪ್ರತಿ ವರ್ಷ 8 ಸಿಗುತ್ತಲೇ ಹೋದರೆ ಗ್ರಾಸ್ ಹೀಗೆ ಸಾಗುತ್ತದೆ.

| ಎಷ್ಟನೇ ಏರಿಕೆ ಆದಮೇಲೆ | ಸುಮಾ | ರೇಖಾ | ಅಂತರ |
|---|---|---|---|
| ಮುಂಚೆ | 20,000 | 45,000 | 25,000 |
| 1 | 23,000 | 48,600 | 25,600 |
| 2 | 26,450 | 52,488 | 26,038 |
| 3 | 30,418 | 56,687 | 26,269 |
| 4 | 34,980 | 61,222 | 26,242 |

ಕೊನೆಯ ಕಾಲಂ ನೋಡಿ. ಸುಮಾಳ ಪರ್ಸೆಂಟ್ ಹೆಚ್ಚುಕಡಿಮೆ ಎರಡು ಪಟ್ಟು ಇದ್ದರೂ ಮೂರು ವರ್ಷ ಅಂತರ ಬೆಳೆಯುತ್ತಲೇ ಹೋಗುತ್ತದೆ. ನಾಲ್ಕನೇ ಏರಿಕೆಯಲ್ಲಿ ಮೊದಲ ಸಲ ಸುಮಾಳ ಏರಿಕೆ ರೇಖಾಳದನ್ನು ದಾಟುತ್ತದೆ, ಅದೂ ಮೂವತ್ತು ರೂಪಾಯಿಯಷ್ಟು. ಅಲ್ಲಿಂದ ಅಂತರ ಕರಗಲು ಶುರು. ಸುಮಾಳ ಸಂಬಳ ರೇಖಾಳದನ್ನು ಹಿಂದೆ ಹಾಕುವುದು ಹದಿಮೂರನೇ ಏರಿಕೆಗೆ.

ಹದಿಮೂರು ವರ್ಷ ಬಿಡದೆ ಶೇಕಡಾ 15 ಕೊಡುವ ಕಂಪನಿಯನ್ನು ನಾನಂತೂ ನೋಡಿಲ್ಲ. ಸಂಬಳ ಮೇಲೆ ಹೋದಂತೆ ಪರ್ಸೆಂಟ್ ಇಳಿಯುವುದೇ ಜಾಸ್ತಿ. ಹಾಗಾಗಿ ಈ ಪಟ್ಟಿಯನ್ನು ಭವಿಷ್ಯ ಅಂತ ಓದಬೇಡಿ. ಒಂದು ವರ್ಷದ ದೊಡ್ಡ ಪರ್ಸೆಂಟ್‌ನಿಂದ ಅಂತರ ಮುಚ್ಚುವುದಿಲ್ಲ ಅನ್ನುವಷ್ಟು ಇದರಿಂದ ಗೊತ್ತಾಗುತ್ತದೆ. ಎರಡನೇ ವರ್ಷ ಸುಮಾ 25,000 ದಾಟುವ ಕಾರಣ ಅವಳಿಗೂ ವೃತ್ತಿ ತೆರಿಗೆ ಶುರುವಾಗುತ್ತದೆ ಅನ್ನುವುದನ್ನೂ ಗುರುತು ಹಾಕಿಕೊಳ್ಳಿ.

ಒಂದು ಎಚ್ಚರಿಕೆ: ಪರ್ಸೆಂಟಿಂದ ಪರ್ಸೆಂಟ್ ಕಳೆಯಬೇಡಿ

ಸುಮಾಳ ಮನೆ ಬಾಡಿಗೆ 7,000 ಅಂದುಕೊಳ್ಳಿ. ಅಗ್ರಿಮೆಂಟ್ ಪ್ರಕಾರ ಓನರ್ ಶೇಕಡಾ 10 ಏರಿಸಿದರು. "ಹದಿನೈದರಲ್ಲಿ ಹತ್ತು ಹೋಯ್ತು, ಉಳಿದಿದ್ದು ಐದು" ಅಂತ ಸುಮಾ ಲೆಕ್ಕ ಹಾಕಿದರೆ ತಪ್ಪು. ಹದಿನೈದು ಇದ್ದದ್ದು 20,000ದ ಮೇಲೆ, ಹತ್ತು ಇದ್ದದ್ದು 7,000ದ ಮೇಲೆ. ಬಾಡಿಗೆ ಏರಿದ್ದು 700 ರೂಪಾಯಿ. ಕೈಗೆ ಬಂದ 2,970ರಲ್ಲಿ ಅದನ್ನು ಕಳೆದರೆ 2,270 ಉಳಿಯುತ್ತದೆ. ಐದು ಪರ್ಸೆಂಟ್ ಅಂದರೆ ಬರೀ 1,000 ಆಗುತ್ತಿತ್ತು, ನೋಡಿ. ಎರಡು ಪರ್ಸೆಂಟ್‌ಗಳನ್ನು ಕೂಡುವ, ಕಳೆಯುವ ಮುಂಚೆ ಎರಡನ್ನೂ ರೂಪಾಯಿ ಮಾಡಿ.

ಬೆಲೆ ಏರಿಕೆಯ ವಿಷಯದಲ್ಲೂ ಇದೇ ಕಥೆ. ಗ್ಯಾಸ್ ಸಿಲಿಂಡರ್ 50 ರೂಪಾಯಿ ಏರಿದರೆ ಸುಮಾಗೂ 50, ರೇಖಾಗೂ 50. ಅಂಗಡಿಯವರು ಯಾರ ಸಂಬಳ ಎಷ್ಟು ಅಂತ ಕೇಳಿ ರೇಟ್ ಹೇಳುವುದಿಲ್ಲ. ದಿನದ ಖರ್ಚಿಗೆ ರೂಪಾಯಿ ನೋಡಿ. ನಿಮ್ಮ ಕೆಲಸಕ್ಕೆ ಕಂಪನಿ ಕೊಟ್ಟ ಬೆಲೆ ಕಳೆದ ವರ್ಷಕ್ಕಿಂತ ಹೇಗಿದೆ ಅಂತ ತಿಳಿಯಬೇಕಿದ್ದರೆ ಪರ್ಸೆಂಟ್ ನೋಡಿ.

ಹಂತ 7: ಮುಂದಿನ ಸಲ ಕೇಳುವಾಗ

ನಿಮ್ಮದು ಸುಮಾಳ ಥರ ಚಿಕ್ಕ ಸಂಬಳ ಆಗಿದ್ದರೆ ರೂಪಾಯಿಯಲ್ಲಿ ಕೇಳಿ. "ಹದಿನೆಂಟು ಪರ್ಸೆಂಟ್ ಕೊಡಿ" ಅಂದರೆ ಮ್ಯಾನೇಜರ್ ಹುಬ್ಬೇರಿಸುತ್ತಾರೆ. "ತಿಂಗಳಿಗೆ 3,600 ಏರಿಸಿ" ಅಂದರೆ ಅದೇ ದುಡ್ಡು ಸಣ್ಣದಾಗಿ ಕೇಳಿಸುತ್ತದೆ. ರೇಖಾಳ ಥರ ದೊಡ್ಡ ಸಂಬಳ ಇರುವವರು ಪರ್ಸೆಂಟ್‌ನಲ್ಲಿ ಕೇಳುವುದು ಲೇಸು.

ಒಪ್ಪಿದರು ಅಂದಮೇಲೆ ಬಾಯಿಮಾತಿಗೆ ಬಿಡಬೇಡಿ. ಎಚ್‌ಆರ್‌ಗೆ ಮೂರು ಸಾಲಿನ ಮೇಲ್ ಹಾಕಿ. ಸುಮಾ ಆಗಿದ್ದರೆ ಹೀಗೆ ಬರೆಯಬಹುದು:

"ಮೇಡಂ, ನಮಸ್ಕಾರ. ನನಗೆ ಹೇಳಿರುವ ಏರಿಕೆ ಗ್ರಾಸ್ ಮೇಲೋ, ಬೇಸಿಕ್ ಮೇಲೋ, ಸಿಟಿಸಿ ಮೇಲೋ ದಯವಿಟ್ಟು ತಿಳಿಸಿ. ಯಾವ ತಿಂಗಳಿಂದ ಜಾರಿ, ಹೊಸ ಬೇಸಿಕ್ ಮತ್ತು ತಿಂಗಳ ಗ್ರಾಸ್ ಎಷ್ಟು ರೂಪಾಯಿ ಆಗುತ್ತದೆ ಅಂತ ಅಂಕಿಯಲ್ಲಿ ಕೊಟ್ಟರೆ ಅನುಕೂಲ. ಇಎಸ್‌ಐ ನಿಂತಮೇಲೆ ಗ್ರೂಪ್ ಇನ್ಶೂರೆನ್ಸ್ ಯಾವಾಗಿನಿಂದ ಶುರು, ಅದರಲ್ಲಿ ಅಪ್ಪ ಅಮ್ಮ ಸೇರುತ್ತಾರಾ ಅನ್ನುವುದನ್ನೂ ತಿಳಿಸಿ."